ಹದಿನಾಲ್ಕನೇ ಹಾಸಿಗೆಯ ಊಟ

ಬೆಳಿಗ್ಗೆ ಆರೂವರೆ ಹೊತ್ತಿಗೆ ಆಸ್ಪತ್ರೆಯ ಅಡುಗೆಮನೆಗೆ ಒಂದೊಂದು ವಾರ್ಡಿನಿಂದ ಒಂದೊಂದು ಹಾಳೆ ಬರುತ್ತದೆ. ಅದನ್ನು ಡಯಟ್ ಶೀಟ್ ಅನ್ನುತ್ತಾರೆ. ಒಬ್ಬ ರೋಗಿಗೆ ಒಂದು ಸಾಲು. ರಾತ್ರಿ ಪಾಳಿಯ ಸಿಸ್ಟರ್ ಮನೆಗೆ ಹೊರಡುವ ಮುಂಚೆ ಅದನ್ನು ತುಂಬಿರುತ್ತಾರೆ. ಡಯಟೀಷಿಯನ್ ಬಂದು ಕಣ್ಣಾಡಿಸಿ ತಿದ್ದುತ್ತಾರೆ, ಆಮೇಲೆ ಅದು ಒಲೆಯ ಪಕ್ಕದ ಗೋಡೆಗೆ ಏರುತ್ತದೆ. ಅಡುಗೆಯವರು ರೋಗಿಯ ಮುಖವನ್ನು ಒಮ್ಮೆಯೂ ನೋಡುವುದಿಲ್ಲ. ಅವರ ಪಾಲಿಗೆ ರೋಗಿ ಎಂದರೆ ಆ ಸಾಲು.

ಒಂದು ಸಾಲು ಹೀಗಿರುತ್ತದೆ: ಹಾಸಿಗೆ 14, ಸಿವಿಎ, ಸಾಫ್ಟ್ ಡಯಟ್, ಲೋ ಸಾಲ್ಟ್, ಡಯಾಬಿಟಿಕ್. ಸಿವಿಎ ಎಂದರೆ ಪಾರ್ಶ್ವವಾಯು. ಅಂದರೆ ಲಕ್ವ ಹೊಡೆದ, ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡೂ ಇರುವ ರೋಗಿ. ನೋಡುವುದಕ್ಕೆ ಎಲ್ಲ ಹೇಳಿಬಿಟ್ಟಂತಿದೆ. ಆದರೆ ಸೌಟು ಹಿಡಿದವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಮೆತ್ತಗೆ ಎಂದರೆ ಎಷ್ಟು ಮೆತ್ತಗೆ? ಬಾಳೆಹಣ್ಣೂ ಮೆತ್ತಗೆ, ಇಡ್ಲಿಯೂ ಮೆತ್ತಗೆ, ಮೊಸರನ್ನವೂ ಮೆತ್ತಗೆ. ಉಪ್ಪು ಕಮ್ಮಿ ಎಂದರೆ ಯಾವುದಕ್ಕಿಂತ ಕಮ್ಮಿ? ಹಳೆಯ ಅಡುಗೆಯವರೊಬ್ಬರು ಡಯಟೀಷಿಯನ್ನರನ್ನು ಕೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಮೇಡಂ, ಕಮ್ಮಿ ಅಂತ ಬರೀಬೇಡಿ, ಎಷ್ಟು ಅಂತ ಬರೀರಿ."

ಅದೇ ಸಾಲನ್ನು ಸರಿಯಾಗಿ ಬರೆದರೆ ಹೀಗಾಗುತ್ತದೆ: ಹಾಸಿಗೆ 14, ಗಂಡಸು, 66 ವರ್ಷ. ಪಾರ್ಶ್ವವಾಯು, ಬಿಪಿ, ಸಕ್ಕರೆ ಕಾಯಿಲೆ. ಆಹಾರ ಹಂತ 4, ದ್ರವ ಹಂತ 2. ದಿನಕ್ಕೆ ಉಪ್ಪು ಒಟ್ಟು 5 ಗ್ರಾಂ. ಊಟಕ್ಕೆ ಪಿಷ್ಟ 50 ಗ್ರಾಂ. ಸಕ್ಕರೆ, ಬೆಲ್ಲ ಬೇಡ. ಇನ್ಸುಲಿನ್ ಇದೆ. ಸಸ್ಯಾಹಾರಿ. ಈ ಹದಿನಾಲ್ಕನೇ ಹಾಸಿಗೆಯವರು ನಿಜವಾಗಿ ಯಾರೋ ಒಬ್ಬರಲ್ಲ. ಇಂಥವರು ಯಾವ ಊರಿನ ಯಾವ ವಾರ್ಡಿನಲ್ಲೂ ಇರುತ್ತಾರೆ, ಲೆಕ್ಕ ತಿಳಿಯಲೆಂದು ಒಬ್ಬರನ್ನಾಗಿ ಮಾಡಿಕೊಂಡಿದ್ದೇನೆ. ಅವರ ಮೂರು ಕಾಯಿಲೆಗಳು ತಟ್ಟೆಯ ಮೇಲೆ ಮೂರು ಬೇರೆ ಬೇರೆ ಷರತ್ತು ಹಾಕುತ್ತವೆ. ಒಂದು ಷರತ್ತನ್ನು ಪಾಲಿಸಲು ಹೋದರೆ ಇನ್ನೊಂದು ಮುರಿಯುತ್ತದೆ. ಆ ಜಗಳ ಬಗೆಹರಿಯಬೇಕಾದ ಜಾಗವೇ ಡಯಟ್ ಶೀಟ್.

ಮೊದಲು ಹದದ ಮಾತು. ಮೂರರಲ್ಲಿ ತಕ್ಷಣ ಜೀವಕ್ಕೆ ಕುತ್ತು ತರಬಲ್ಲದ್ದು ಇದೊಂದೇ. ಉಪ್ಪು ಒಂದು ದಿನ ಹೆಚ್ಚಾದರೆ ಸಾಮಾನ್ಯವಾಗಿ ಸರಿಪಡಿಸಿಕೊಳ್ಳಬಹುದು. ಗಂಟಲಲ್ಲಿ ತಪ್ಪು ದಾರಿ ಹಿಡಿದ ತುತ್ತಿಗೆ ಎರಡನೇ ಅವಕಾಶ ಇರುವುದಿಲ್ಲ.

ನಾವು ನುಂಗುವಾಗ ಉಸಿರುನಾಳದ ಬಾಯಿ ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ, ತುತ್ತು ಅದರ ಹಿಂದಿನಿಂದ ಅನ್ನನಾಳಕ್ಕೆ ಇಳಿಯುತ್ತದೆ. ಪಾರ್ಶ್ವವಾಯುವಾದಾಗ ಈ ಮುಚ್ಚುವ ಕೆಲಸ ತಡವಾಗುತ್ತದೆ ಅಥವಾ ಅರೆಬರೆಯಾಗುತ್ತದೆ. ಹೊಸದಾಗಿ ಲಕ್ವ ಹೊಡೆದವರಲ್ಲಿ ಸುಮಾರು ಅರ್ಧ ಜನಕ್ಕೆ ನುಂಗುವ ತೊಂದರೆ ಇರುತ್ತದೆ. ನಮಗೆ ನೀರು ನೆತ್ತಿಗೇರಿದರೆ ಕೆಮ್ಮಿ ಕೆಮ್ಮಿ ಹೊರಹಾಕುತ್ತೇವೆ. ಇವರಲ್ಲಿ ಕೆಲವರಿಗೆ ಆ ಕೆಮ್ಮೇ ಬರುವುದಿಲ್ಲ. ಕಾಫಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದಿರುತ್ತದೆ, ಎರಡು ಮೂರು ದಿನದಲ್ಲಿ ಜ್ವರ, ನ್ಯುಮೋನಿಯಾ. ಅದಕ್ಕೇ ಪಾರ್ಶ್ವವಾಯುವಿನ ರೋಗಿ ದಾಖಲಾದ ಕೂಡಲೇ ಬಾಯಿಗೆ ಏನನ್ನೂ ಕೊಡಬಾರದು, ಮಾತ್ರೆಯನ್ನೂ ಕೊಡಬಾರದು. ನುಂಗುವ ಪರೀಕ್ಷೆ ಮುಗಿಯುವವರೆಗೆ ಶೀಟಿನಲ್ಲಿ 'ಬಾಯಿಗೆ ಏನೂ ಇಲ್ಲ' ಎಂದಿರಬೇಕು. ಪರೀಕ್ಷೆ ಮಾಡುವವರು ವಾಕ್ ಮತ್ತು ಭಾಷಾ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿತು ಬಂದವರು ಇವರು. ಜನ ಇವರನ್ನು ಮಾತು ಕಲಿಸುವವರು ಎಂದಷ್ಟೇ ತಿಳಿದಿದ್ದಾರೆ. ಆಸ್ಪತ್ರೆಯಲ್ಲಿ ಅವರ ಕೆಲಸದ ದೊಡ್ಡ ಪಾಲು ನುಂಗಿಸುವುದು. ಅವರಿಲ್ಲದ ಊರುಗಳಲ್ಲಿ ತರಬೇತಾದ ಸಿಸ್ಟರ್ ಚಮಚದಲ್ಲಿ ನೀರು ಕೊಟ್ಟು, ಕೆಮ್ಮು ಬರುತ್ತದೆಯೇ, ಧ್ವನಿ ಗೊರಗೊರ ಆಗುತ್ತದೆಯೇ ಎಂದು ನೋಡುತ್ತಾರೆ. ಪಾಸಾಗದವರಿಗೆ ಮೂಗಿನ ನಳಿಕೆಯಲ್ಲಿ ಆಹಾರ. ನಡುವಿನವರಿಗೆ ಹದ ಮಾಡಿದ ಆಹಾರ. ನಮ್ಮ ಹದಿನಾಲ್ಕನೆಯವರು ನಡುವಿನವರು.

ಇಲ್ಲೇ ನಮ್ಮ ಮನೆಮಾತಿನ ತಿಳಿವಳಿಕೆ ಕೈಕೊಡುತ್ತದೆ. ಹುಷಾರಿಲ್ಲದವರಿಗೆ ನೀರು ನೀರಾದದ್ದು ಕೊಡಬೇಕು ಎಂದು ನಾವೆಲ್ಲ ನಂಬಿದ್ದೇವೆ. ತಿಳಿ ಗಂಜಿ, ತಿಳಿ ಸಾರು, ಎಳನೀರು. ನುಂಗಲಾರದವರಿಗೆ ಎಲ್ಲಕ್ಕಿಂತ ಕಷ್ಟದ್ದು ನೀರೇ. ಅದು ನಾಲಿಗೆಯ ಮೇಲೆ ನಿಲ್ಲುವುದಿಲ್ಲ, ಗಂಟಲು ಸಿದ್ಧವಾಗುವ ಮೊದಲೇ ಜಾರಿ ಉಸಿರುನಾಳದ ಬಾಯಿಗೆ ಹೋಗಿಬಿಡುತ್ತದೆ. ಗಟ್ಟಿಯಾದ, ನಯವಾದ ಮುದ್ದೆಯಂಥ ಆಹಾರ ನಿಧಾನವಾಗಿ ಚಲಿಸುವುದರಿಂದ ತಡವಾಗಿ ಮುಚ್ಚುವ ಬಾಗಿಲಿಗೂ ಸಮಯ ಸಿಗುತ್ತದೆ.

ಮುದ್ದೆ ಎಂದಾಕ್ಷಣ ರಾಗಿಮುದ್ದೆ ನೆನಪಾದರೆ ಅಲ್ಲೇ ನಿಲ್ಲಿ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ಮಂಡ್ಯ, ಹಾಸನದ ಕಡೆ ಮಕ್ಕಳಿಗೂ ಗೊತ್ತು. ಆ ನುಂಗುವಿಕೆಗೆ ಗಟ್ಟಿಮುಟ್ಟಾದ ಗಂಟಲು ಬೇಕು. ಅಂಟುವ, ಒಂದೇ ಉಂಡೆಯಾಗಿ ಇಳಿಯಬೇಕಾದ ಪದಾರ್ಥ ಲಕ್ವದ ರೋಗಿಗೆ ಉಸಿರು ಕಟ್ಟಿಸಬಲ್ಲದು. ಜೀವಮಾನವೆಲ್ಲ ಮುದ್ದೆ ಉಂಡವರಿಗೆ ಅದನ್ನು ನಿಲ್ಲಿಸಿ ಎನ್ನುವುದು ಡಯಟೀಷಿಯನ್ನರಿಗೂ ಕಷ್ಟದ ಮಾತೇ.

ಹಾಗಾದರೆ 4 ಎಂದರೇನು? ಹದಗಳನ್ನು ಎಲ್ಲ ದೇಶಗಳಲ್ಲೂ ಒಂದೇ ಭಾಷೆಯಲ್ಲಿ ಹೇಳಬೇಕೆಂದು 2013ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಐಡಿಡಿಎಸ್‌ಐ ಎಂಬ ಚೌಕಟ್ಟಿನ ಕೆಲಸ ಶುರುಮಾಡಿದರು. ಸೊನ್ನೆಯಿಂದ 7ರವರೆಗೆ ಎಂಟು ಹಂತ. ಸೊನ್ನೆ ಎಂದರೆ ನೀರು, 7 ಎಂದರೆ ಎಲ್ಲರ ಊಟ. 4 ಎಂದರೆ ಅಗಿಯುವ ಅಗತ್ಯವೇ ಇಲ್ಲದ, ಒಂದೂ ಗಂಟಿಲ್ಲದ, ಅಂಟದ ಪೇಸ್ಟ್. 5ರಲ್ಲಿ ತೇವವಾದ ಸಣ್ಣ ಚೂರುಗಳಿರಬಹುದು, ದೊಡ್ಡವರಿಗಾದರೆ ಚೂರಿನ ಅಗಲ 4 ಮಿಲಿಮೀಟರ್ ಮೀರಬಾರದು. ಮಾಮೂಲಿ ಫೋರ್ಕಿನ ಹಲ್ಲುಗಳ ನಡುವಿನ ಸಂದು ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಅಳೆಯುವುದು ಸುಲಭ. 6ರಲ್ಲಿ ಒಂದೂವರೆ ಸೆಂಟಿಮೀಟರಿನ ಮೆತ್ತನೆಯ ತುಂಡುಗಳು.

ನನಗೆ ಈ ಚೌಕಟ್ಟು ಹಿಡಿಸಿದ್ದು ಅದರ ಪರೀಕ್ಷೆಗಳಿಂದ. ಯಂತ್ರ ಬೇಡ, ಪ್ರಯೋಗಾಲಯ ಬೇಡ. 4ನೇ ಹಂತದ ಆಹಾರವನ್ನು ಚಮಚದಲ್ಲಿ ತೆಗೆದುಕೊಳ್ಳಿ. ಅದು ಆಕಾರ ಬಿಡದೆ ಕೂತಿರಬೇಕು. ಚಮಚ ವಾಲಿಸಿ ಮೆಲ್ಲಗೆ ಅಲುಗಿಸಿದರೆ ಇಡಿಯಾಗಿ ಜಾರಿ ಬೀಳಬೇಕು, ಚಮಚದ ಮೇಲೆ ತೆಳುವಾದ ಪದರ ಉಳಿದರೆ ಉಳಿಯಲಿ. ಹನಿಹನಿಯಾಗಿ ಸುರಿದರೆ ತೆಳುವಾಯಿತು. ಅಂಟಿಕೊಂಡು ಬೀಳದಿದ್ದರೆ ಗಂಟಲಲ್ಲೂ ಅಂಟುತ್ತದೆ, ಕೊಡಬಾರದು. ದ್ರವಕ್ಕೆ ಬೇರೆ ಪರೀಕ್ಷೆ. 10 ಮಿಲಿಲೀಟರಿನ ಸಿರಿಂಜಿನ ಹಿಂಬದಿಯ ದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡ್ ಬಿಡಬೇಕು. ಆಮೇಲೆ ಸಿರಿಂಜಿನಲ್ಲಿ 1ರಿಂದ 4 ಮಿಲಿಲೀಟರ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, ಅದಕ್ಕೂ ಹೆಚ್ಚು ಉಳಿದರೆ ಹಂತ 3. ಒಂದು ಎಚ್ಚರಿಕೆ: ಎಲ್ಲ ಸಿರಿಂಜೂ ಒಂದೇ ಅಳತೆಯವಲ್ಲ. ಸೊನ್ನೆಯಿಂದ 10ರ ಗೆರೆಯವರೆಗೆ 61.5 ಮಿಲಿಮೀಟರ್ ಉದ್ದವಿರುವ ಸಿರಿಂಜಿಗೆ ಈ ಲೆಕ್ಕ ಹೊಂದುತ್ತದೆ. ಬೇರೆಯದರಲ್ಲಿ ಉತ್ತರವೂ ಬೇರೆ.

ಪರೀಕ್ಷೆ ಎಲ್ಲಿ ಮಾಡುತ್ತೀರಿ ಎನ್ನುವುದೂ ಮುಖ್ಯ. ಒಲೆಯ ಪಕ್ಕದಲ್ಲಿ ರಾಗಿ ಗಂಜಿ ಸರಿಯಾಗಿ ಹಂತ 2ರಲ್ಲಿ ಇರುತ್ತದೆ. ಟ್ರಾಲಿಯಲ್ಲಿ ಮೂರು ಮಹಡಿ ಹತ್ತಿ ಹಾಸಿಗೆ ತಲುಪುವಾಗ ಆರಿ ಗಟ್ಟಿಯಾಗಿರುತ್ತದೆ. ಆಗ ಮಗಳು ಅಯ್ಯೋ ಗಟ್ಟಿಯಾಗಿದೆ ಎಂದು ಬಾಟಲಿಯ ನೀರು ಬೆರೆಸುತ್ತಾಳೆ, ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಆದ್ದರಿಂದ ಪರೀಕ್ಷೆ ಬಡಿಸುವ ಬಿಸಿಯಲ್ಲಿ ಆಗಬೇಕು. ಹಿಟ್ಟಿನಿಂದ ಗಟ್ಟಿಯಾದದ್ದಕ್ಕೆ ಇನ್ನೊಂದು ಕುತ್ತಿದೆ. ನಮ್ಮ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುವುದರಿಂದ, ನಿಧಾನವಾಗಿ ಉಣ್ಣುವ ರೋಗಿಯ ಬಾಯಲ್ಲೇ ಅದು ತೆಳುವಾಗತೊಡಗುತ್ತದೆ. ಎಂಜಲು ಬಿದ್ದ ಚಮಚವನ್ನು ಮತ್ತೆ ಮತ್ತೆ ಅದ್ದುತ್ತಿದ್ದರೆ ಬಟ್ಟಲಿನಲ್ಲಿದ್ದದ್ದೂ ನೀರಾಗುತ್ತದೆ. ಕ್ಸಾಂಥಾನ್ ಗೋಂದಿನ ಪುಡಿ ಹಾಕಿ ಗಟ್ಟಿ ಮಾಡಿದ್ದಕ್ಕೆ ಈ ಕಾಟವಿಲ್ಲ. ದುಡ್ಡು ಮಾತ್ರ ಹೆಚ್ಚು.

ಅಡುಗೆಮನೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಎರಡು ಹದ ಒಂದೇ ಬಟ್ಟಲಿನಲ್ಲಿ ಸೇರಿದಾಗ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿ, ಅಗುಳು ತೇಲುವ ಗಂಜಿ, ಹೊತ್ತಾಗಿ ನೀರು ಬಿಟ್ಟ ಮೊಸರನ್ನ, ಎಲ್ಲವೂ ಬಾಯಿಗೆ ಹೋದ ಮೇಲೆ ಇಬ್ಭಾಗವಾಗುತ್ತವೆ. ನೀರು ಮುಂಚೆ ಗಂಟಲಿಗೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಐಸ್‌ಕ್ರೀಮ್ ಕೂಡ ಹಾಗೆಯೇ. ತಟ್ಟೆಯಲ್ಲಿ ಗಟ್ಟಿ, ಬಾಯಲ್ಲಿ ಹಾಲು. 'ಸಾಫ್ಟ್ ಡಯಟ್' ಎಂದು ಬರೆದ ಶೀಟಿಗೆ ಇಡ್ಲಿ-ಸಾಂಬಾರ್ ಕಳಿಸಿದ ಅಡುಗೆಯವರ ತಪ್ಪು ಏನೂ ಇಲ್ಲ. ಅವರು ಬರೆದದ್ದನ್ನೇ ಕಳಿಸಿದ್ದಾರೆ.

ಗಟ್ಟಿ ಮಾಡಿದ ನೀರೂ ಬರೀ ಒಳ್ಳೆಯದಲ್ಲ. ಅದು ಯಾರಿಗೂ ರುಚಿಸುವುದಿಲ್ಲ, ಬಾಯಾರಿಕೆಯೂ ತಣಿಯುವುದಿಲ್ಲ, ಹಾಗಾಗಿ ರೋಗಿ ಕುಡಿಯುವುದನ್ನೇ ಕಮ್ಮಿ ಮಾಡುತ್ತಾನೆ. ಮೈಯಲ್ಲಿ ನೀರಿನ ಅಂಶ ಇಳಿದು ಮೂತ್ರ ಗಾಢವಾಗುತ್ತದೆ. ಅದನ್ನು ತಡೆಯಲು ಶೀಟಿನಲ್ಲಿ ಹಂತದ ಜೊತೆಗೆ ದಿನಕ್ಕೆ ಎಷ್ಟು ದ್ರವ ಹೋಗಬೇಕು ಎನ್ನುವುದೂ ಇರಬೇಕು.

ಇನ್ನು ಉಪ್ಪು. ಇಲ್ಲಿ ಒಂದು ಗೊಂದಲ ಆಸ್ಪತ್ರೆಗಳನ್ನು ಬಿಟ್ಟಿಲ್ಲ. ವೈದ್ಯರು ಬರೆಯುವುದು ಸೋಡಿಯಂ ಲೆಕ್ಕ, ಅಡುಗೆಯವರು ಅಳೆಯುವುದು ಉಪ್ಪಿನ ಲೆಕ್ಕ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಆದ್ದರಿಂದ '2 ಗ್ರಾಂ ಸೋಡಿಯಂ' ಎಂದರೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೂ ಇದಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ. ಆದರೆ ಶೀಟಿಗೆ ಇಳಿಸುವಾಗ ಸೋಡಿಯಂ ಪದ ಬಿದ್ದುಹೋಗಿ '2 ಗ್ರಾಂ' ಎಂದಷ್ಟೇ ಉಳಿದರೆ, ಅಡುಗೆಮನೆ ಅದನ್ನು 2 ಗ್ರಾಂ ಉಪ್ಪು ಎಂದು ಓದುತ್ತದೆ. ಅದು 800 ಮಿಲಿಗ್ರಾಂ ಸೋಡಿಯಂ. ಹಾಲು, ಬೇಳೆ, ತರಕಾರಿಗಳಲ್ಲಿ ತಾವಾಗಿಯೇ ಇರುವ ಸೋಡಿಯಂ ದಿನಕ್ಕೆ ಸುಮಾರು 500 ಮಿಲಿಗ್ರಾಂ ಎಂದು ಹಿಡಿದರೆ, ಉಳಿಯುವ 300ಕ್ಕೆ ಇಡೀ ದಿನಕ್ಕೆ ಮುಕ್ಕಾಲು ಗ್ರಾಂ ಉಪ್ಪು ಹಾಕಬಹುದು. ಅಷ್ಟರಲ್ಲಿ ಮಾಡಿದ ಊಟವನ್ನು ಹಸಿದವನೂ ಪಕ್ಕಕ್ಕೆ ಸರಿಸುತ್ತಾನೆ.

ಸಪ್ಪೆ ಊಟ ರೋಗಿಗೆ ಒಳ್ಳೆಯದು, ಎಷ್ಟು ಸಪ್ಪೆಯೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ವಾರ್ಡುಗಳಲ್ಲಿ ಗಟ್ಟಿಯಾಗಿದೆ. 2022ರಲ್ಲಿ ಪ್ರಕಟವಾದ ಸೋಡಿಯಂ-ಎಚ್‌ಎಫ್ ಎಂಬ ಅಧ್ಯಯನದಲ್ಲಿ ಹೃದಯ ಸೋತ ಸುಮಾರು 800 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೋಡಿಯಂ ಅನ್ನು ದಿನಕ್ಕೆ 1,500 ಮಿಲಿಗ್ರಾಂಗಿಂತ ಕೆಳಗೆ ಇಳಿಸುವ ಗುರಿ ಕೊಟ್ಟಿದ್ದರು. ಸಾವು ಮತ್ತು ಆಸ್ಪತ್ರೆಗೆ ಮತ್ತೆ ಸೇರುವುದರ ಒಟ್ಟು ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಉಪ್ಪು ಮಿತಿಯಲ್ಲಿರಲಿ ಎನ್ನುವುದು ಇದರಿಂದ ಸುಳ್ಳಾಗುವುದಿಲ್ಲ. ಉಣ್ಣದೆ ಸೊರಗುವಷ್ಟು ಸಪ್ಪೆ ಮಾಡಲು ಮಾತ್ರ ಇದು ಆಧಾರ ಕೊಡುವುದಿಲ್ಲ.

ನಮ್ಮ ರೋಗಿಯ 5 ಗ್ರಾಂ ಲೆಕ್ಕ ಹಾಕೋಣ. ಪದಾರ್ಥಗಳಲ್ಲೇ ಇರುವ ಸೋಡಿಯಂಗೆ ಒಂದೂಕಾಲು ಗ್ರಾಂ ಉಪ್ಪಿನಷ್ಟು ಕಳೆದರೆ ಮೂರೂಮುಕ್ಕಾಲು ಗ್ರಾಂ ಉಳಿಯುತ್ತದೆ. ಮೂರು ಊಟಕ್ಕೆ ಹಂಚಿದರೆ ಒಂದೊಂದಕ್ಕೆ ಒಂದೂಕಾಲು ಗ್ರಾಂ, ಅಂದರೆ ತಲೆ ಸವರಿದ ಕಾಲು ಟೀ ಚಮಚ. ಇದು ಅಡುಗೆಯವರಿಗೆ ಅರ್ಥವಾಗುವ ಭಾಷೆ. ಪದ್ಧತಿಯೂ ಸರಳ: ಅನ್ನ, ಬೇಳೆ, ಪಲ್ಯ ಎಲ್ಲವನ್ನೂ ಉಪ್ಪಿಲ್ಲದೆ ಬೇಯಿಸಿ ತೆಗೆದಿಟ್ಟು, ಒಬ್ಬೊಬ್ಬರ ಬಟ್ಟಲಿಗೆ ಕೊನೆಯಲ್ಲಿ ಅಳೆದು ಹಾಕುವುದು. ಕೊನೆಯಲ್ಲಿ ಹಾಕಿದ ಉಪ್ಪು ನಾಲಿಗೆಗೆ ಮೊದಲು ತಾಗುತ್ತದೆ ಎನ್ನುವುದು ಇದರ ಲಾಭ.

ಈ ಪದ್ಧತಿಗೆ ಸೋಲುವುದು ಇಡ್ಲಿ. ಹಿಟ್ಟು ಹಿಂದಿನ ರಾತ್ರಿಯೇ ಉಪ್ಪು ಹಾಕಿ ಹುದುಗಿಸಿಟ್ಟದ್ದು. ಒಂದು ಕಿಲೋ ಅಕ್ಕಿ-ಉದ್ದಿಗೆ 20 ಗ್ರಾಂ ಉಪ್ಪು ಹಾಕಿ ನಲವತ್ತು ಇಡ್ಲಿ ತೆಗೆದರೆ, ಇಡ್ಲಿಗೆ ಅರ್ಧ ಗ್ರಾಂ. ಮೂರು ಇಡ್ಲಿ ಕಳಿಸಿದರೆ ಚಟ್ನಿ, ಸಾಂಬಾರ್ ಮುಟ್ಟುವ ಮೊದಲೇ ಒಂದೂವರೆ ಗ್ರಾಂ. ಬೇಯಿಸಿದ ಮೇಲೆ ಅದನ್ನು ತೆಗೆಯಲು ಬರುವುದಿಲ್ಲ. ಹಾಗಾಗಿ ಉಪ್ಪಿನ ಮಿತಿ ಇರುವವರಿಗೆ ಹಿಟ್ಟನ್ನೇ ಬೇರೆ ರುಬ್ಬಿಡಬೇಕು. ಬಹಳ ಅಡುಗೆಮನೆಗಳು ಈ ರಗಳೆಯೇ ಬೇಡವೆಂದು ರವೆ ಗಂಜಿಗೆ ಹೋಗುತ್ತವೆ. ಉಪ್ಪಿನಂತೆ ಕಾಣದ ಸೋಡಿಯಂ ಇನ್ನೂ ಇದೆ: ಕಾಳು ಬೇಗ ಬೇಯಲೆಂದು ಹಾಕುವ ಚಿಟಿಕೆ ಸೋಡಾ, ಹಪ್ಪಳದ ಖಾರ, ಪೊಟ್ಟಣದ ಸೂಪಿನ ಪುಡಿ. ಮನೆಯವರು ಒಳ್ಳೆಯದೆಂದು ತರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲನ್ನು ಪೊಟ್ಯಾಸಿಯಂಗೆ ಬದಲಿಸಿರುತ್ತಾರೆ. ಮೂತ್ರಪಿಂಡ ಸೋತವರಿಗೆ ಅದು ಅಪಾಯ, ಎಳನೀರು ಅಪಾಯವಾದ ಹಾಗೆಯೇ.

ಉಪ್ಪಿನ ಕಾಲಂನಲ್ಲಿ ಆಗುವ ಅತಿ ದೊಡ್ಡ ಎಡವಟ್ಟಿಗೆ ಅಳತೆ ಕಾರಣವಲ್ಲ, ತಾರೀಖು ಕಾರಣ. ಬಿಪಿ ಎಂದು ದಾಖಲಾದ ದಿನ 'ಉಪ್ಪು ಕಡಿಮೆ' ಎಂದು ಬರೆದಿರುತ್ತಾರೆ. ಐದನೇ ದಿನ ರಕ್ತಪರೀಕ್ಷೆಯಲ್ಲಿ ಸೋಡಿಯಂ 135ರ ಕೆಳಗೆ ಇಳಿದಿರುತ್ತದೆ. ಪಾರ್ಶ್ವವಾಯುವಿನಲ್ಲಿ, ಮೂತ್ರ ಹೆಚ್ಚಿಸುವ ಕೆಲವು ಬಿಪಿ ಮಾತ್ರೆಗಳಲ್ಲಿ ಇದು ಅಪರೂಪವಲ್ಲ. ವೈದ್ಯರು ಉಪ್ಪಿನ ಕ್ಯಾಪ್ಸೂಲ್ ಬರೆಯುತ್ತಾರೆ. ಸಿಸ್ಟರ್ ತಪ್ಪದೆ ಕೊಡುತ್ತಾರೆ. ಡಯಟ್ ಶೀಟ್ ಮಾತ್ರ ಹಿಂದಿನ ದಿನದ್ದನ್ನು ನೋಡಿ ನಕಲು ಮಾಡಿದ್ದು, ಅದರಲ್ಲಿ ಇನ್ನೂ 'ಉಪ್ಪು ಕಡಿಮೆ' ಎಂದೇ ಇದೆ. ಔಷಧಿಯ ಟ್ರೇಯಲ್ಲಿ ಉಪ್ಪು ಹಾಕುತ್ತಾ ಊಟದ ಟ್ರೇಯಲ್ಲಿ ಅದನ್ನೇ ಕಿತ್ತುಕೊಳ್ಳುವ ಈ ವಿಚಿತ್ರ ದಿನಗಟ್ಟಲೆ ನಡೆಯಬಹುದು. ಕಾಯಿಲೆಯ ಹೆಸರು ನೋಡಿ ಉಪ್ಪು ಬರೆಯುವ ಶೀಟು ಇದನ್ನು ಹಿಡಿಯುವುದೇ ಇಲ್ಲ. ಆ ಕಾಲಂ ಪಕ್ಕದಲ್ಲಿ ಕೊನೆಯ ಸೋಡಿಯಂ ಅಂಕಿ ಮತ್ತು ತಾರೀಖು ಬರೆಯಲು ಒಂದಿಷ್ಟು ಜಾಗ ಬಿಟ್ಟರೆ ಸಾಕು.

ಸಕ್ಕರೆಯ ಕಾಲಂನಲ್ಲಿ 'ಡಯಾಬಿಟಿಕ್' ಎಂದು ಬರೆದರೆ ಅಡುಗೆಮನೆ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಅಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಂಡರೆ ಮೋಸ. ಸಕ್ಕರೆಯಿಲ್ಲದ ಅಕ್ಕಿ ಗಂಜಿಯೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ಇಲ್ಲಿ ಹದದ ಕಾಲಂ ನೇರವಾಗಿ ಸಕ್ಕರೆಯ ಕಾಲಂಗೆ ಅಡ್ಡ ಬರುತ್ತದೆ. ನುಂಗಲು ಸುಲಭವಾಗಲಿ ಎಂದು ಅನ್ನವನ್ನು ಹೆಚ್ಚು ಬೇಯಿಸಿ ನುಣ್ಣಗೆ ಅರೆದಷ್ಟೂ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಗಟ್ಟಿ ಮಾಡುವ ಕೆಲವು ಪುಡಿಗಳಲ್ಲೂ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಅಂಶ ಇರುತ್ತದೆ. ದಿನಕ್ಕೆ ಏಳೆಂಟು ಲೋಟ ಗಟ್ಟಿ ನೀರು ಕುಡಿಯುವವರಿಗೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಕ್ಕರೆ ಬದಲು ಬೆಲ್ಲ ಹಾಕಿದ್ದೇವೆ ಎಂದು ಹೇಳುವವರು ಈಗಲೂ ಇದ್ದಾರೆ. ರಕ್ತಕ್ಕೆ ಆ ಭೇದ ತಿಳಿಯುವುದಿಲ್ಲ.

ಆದ್ದರಿಂದ ಶೀಟಿನಲ್ಲಿ ಬೇಕಾದದ್ದು ಪ್ರತಿ ಊಟದ ಪಿಷ್ಟದ ಮೊತ್ತ, ಅದೂ ಹೊತ್ತು ಹೊತ್ತಿಗೆ ಹೆಚ್ಚುಕಮ್ಮಿ ಒಂದೇ ಸಮ. ಇನ್ಸುಲಿನ್ ಪ್ರಮಾಣ ನಿರ್ಧಾರವಾಗುವುದು ಆ ನಂಬಿಕೆಯ ಮೇಲೆ. ಮಧ್ಯಾಹ್ನದ ಟ್ರೇ ತಡವಾದರೆ, ಅಥವಾ ಸಪ್ಪೆ ಪೇಸ್ಟನ್ನು ರೋಗಿ ಅರ್ಧಕ್ಕೇ ಬಿಟ್ಟರೆ, ಮೊದಲೇ ಚುಚ್ಚಿದ ಇನ್ಸುಲಿನ್ ತನ್ನ ಕೆಲಸ ಮಾಡಿಬಿಡುತ್ತದೆ. ಸಕ್ಕರೆ 70ರ ಕೆಳಗೆ ಕುಸಿಯುತ್ತದೆ, ಬೆವರು, ನಡುಕ. ಆಗ ಎಲ್ಲರೂ ಮಾಡುವುದೇನು? ಮೂರು ಚಮಚ ಸಕ್ಕರೆ ಕದಡಿ ಒಂದು ಲೋಟ ನೀರು ಕುಡಿಸುವುದು. ಬೇರೆಯವರಿಗೆ ಅದೇ ಸರಿ. ಹದಿನಾಲ್ಕನೆಯವರಿಗೆ ಆ ಲೋಟವೇ ನ್ಯುಮೋನಿಯಾ ತರಬಹುದು, ಅದೂ ಮಂಪರಿನಲ್ಲಿರುವಾಗ. ಇಂಥವರಿಗಾಗಿ ಹಂತ 2ಕ್ಕೆ ಗಟ್ಟಿ ಮಾಡಿದ 15 ಗ್ರಾಂ ಗ್ಲೂಕೋಸ್ ಬೇಕೆಂದಾಗ ವಾರ್ಡಿನಲ್ಲೇ ಸಿಗುವಂತಿರಬೇಕು. ಎಚ್ಚರ ತಪ್ಪುತ್ತಿದ್ದರೆ ಬಾಯಿ ಬಿಟ್ಟು ರಕ್ತನಾಳದ ಮೂಲಕ ಕೊಡಬೇಕು. ಇದನ್ನು ಶೀಟಿನ ಆ ಸಾಲಿನಲ್ಲೇ ಬರೆದಿಟ್ಟ ಆಸ್ಪತ್ರೆಗಳಿವೆ. ರಾತ್ರಿ ಎರಡು ಗಂಟೆಗೆ ಹೊಸ ಸಿಸ್ಟರ್ ಇದನ್ನು ನೆನಪಿನಿಂದ ಮಾಡಬೇಕೆಂದು ನಿರೀಕ್ಷಿಸುವ ಆಸ್ಪತ್ರೆಗಳೂ ಇವೆ.

ಈಗ ಮೂರನ್ನೂ ಸೇರಿಸಿ ಅವರ ಮಧ್ಯಾಹ್ನದ ಊಟ ಮಾಡೋಣ. ಹಸಿ ಅಕ್ಕಿ 35 ಗ್ರಾಂ, ಹೆಸರುಬೇಳೆ 30 ಗ್ರಾಂ, ಸಿಪ್ಪೆ-ಬೀಜ ತೆಗೆದ ಸೋರೆಕಾಯಿ 75 ಗ್ರಾಂ. ಎಲ್ಲವನ್ನೂ ಉಪ್ಪಿಲ್ಲದೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವುದು. ಅಕ್ಕಿ ಕಡಿಮೆ, ಬೇಳೆ ಜಾಸ್ತಿ ಇಟ್ಟಿರುವುದು ಬೇಕೆಂದೇ. ಬರೀ ಅನ್ನದ ಪೇಸ್ಟು ಗೋಂದಿನಂತೆ ಅಂಟುತ್ತದೆ, ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಬೇಳೆ ಎರಡನ್ನೂ ತಗ್ಗಿಸಿ ಪ್ರೋಟೀನನ್ನೂ ಕೊಡುತ್ತದೆ. ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿ, ಆರಿದ ಅನ್ನ ಅರೆದರೆ ಇನ್ನಷ್ಟು ಅಂಟಾಗುವುದರಿಂದ, ತಡಮಾಡದೆ ಅರೆಯಬೇಕು. ತೆಳು ಮಾಡಬೇಕಾದರೆ ನೀರಿನ ಬದಲು ಬೇಳೆಕಟ್ಟು. ನೀರು ಸುರಿದಷ್ಟೂ ಬಟ್ಟಲು ದೊಡ್ಡದಾಗುತ್ತದೆ, ಸತ್ವ ಹಾಗೆಯೇ ಇರುತ್ತದೆ, ದಣಿಯುವ ರೋಗಿ ಅರ್ಧಕ್ಕೇ ಕೈಬಿಡುತ್ತಾನೆ. ಸಾಂಬಾರಿನಿಂದ ತೆಳು ಮಾಡಿದರೆ ಲೆಕ್ಕಕ್ಕೆ ಸಿಗದ ಉಪ್ಪು ಸೇರುತ್ತದೆ. ಅರೆದದ್ದನ್ನು ಜರಡಿಯಲ್ಲಿ ಒತ್ತಿ ನಾರು, ಗಂಟು ತೆಗೆಯಬೇಕು. ಮೇಲೆ ಒಂದು ಚಮಚ ತುಪ್ಪ, ನುಣ್ಣಗೆ ಪುಡಿ ಮಾಡಿದ ಜೀರಿಗೆ-ಮೆಣಸು, ನಾಲ್ಕು ಹನಿ ನಿಂಬೆರಸ, ಕಾಲು ಚಮಚ ಉಪ್ಪು. ಸಾಸಿವೆ-ಕರಿಬೇವಿನ ಒಗ್ಗರಣೆ ಬೇಡ. ಒಂದು ಸಾಸಿವೆಕಾಳು ಗಂಟಲಿಗೆ ಸಿಕ್ಕರೂ ಕಷ್ಟ. ಪಕ್ಕದಲ್ಲಿ ನೀರು ಸೋಸಿದ ಗಟ್ಟಿ ಮೊಸರು 100 ಗ್ರಾಂ, ಉಪ್ಪಿಲ್ಲದ್ದು. ಪಿಷ್ಟ ಒಟ್ಟು 50 ಗ್ರಾಮಿನ ಆಸುಪಾಸು ಬರುತ್ತದೆ. ಹೊರಡುವ ಮುನ್ನ ಚಮಚ ಪರೀಕ್ಷೆ. ವಾರ್ಡಿನಲ್ಲಿ ಇನ್ನೊಮ್ಮೆ.

ಉಣಿಸುವಾಗ ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ನುಂಗಿದ್ದು ಖಚಿತವಾದ ಮೇಲೆ ಇನ್ನೊಂದು ಕೊಡಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಸೋತ ಕಡೆಯ ಕೆನ್ನೆಯಲ್ಲಿ ಆಹಾರ ಉಳಿದಿದೆಯೇ ನೋಡಿ ಬಾಯಿ ಶುಚಿ ಮಾಡಬೇಕು. ಇವು ಅಡುಗೆಮನೆಯ ಕೈ ದಾಟಿದ ವಿಷಯ, ಆದರೂ ಇವು ತಪ್ಪಿದರೆ ಮೇಲಿನ ಲೆಕ್ಕವೆಲ್ಲ ದಂಡ.

ಸರಿಯಾಗುತ್ತಿದೆಯೇ ಎಂದು ಹೇಗೆ ತಿಳಿಯುವುದು? ನನ್ನ ಮಟ್ಟಿಗೆ ಮೊದಲ ಸಾಕ್ಷಿ ವಾಪಸು ಬಂದ ತಟ್ಟೆ. ಅರ್ಧ ಉಳಿದಿದ್ದರೆ ಅದನ್ನು ತೊಳೆಯುವ ಮುಂಚೆ ಹಾಸಿಗೆ ನಂಬರ್ ಬರೆದಿಡಬೇಕು, ಸಂಜೆಯ ಇನ್ಸುಲಿನ್‌ಗೆ ಆ ಮಾಹಿತಿ ಬೇಕು. ಊಟದ ನಡುವೆ ಕೆಮ್ಮು, ಕಣ್ಣಲ್ಲಿ ನೀರು, ಊಟದ ನಂತರ ಗಂಟಲಲ್ಲಿ ನೀರಿದ್ದಂತೆ ಗೊರಗುಟ್ಟುವ ಧ್ವನಿ ಕಂಡರೆ ಹಂತ ತಪ್ಪಿದೆ. ಕೆಮ್ಮಿಲ್ಲದೆ ಜ್ವರ ಬಂದು ಉಸಿರು ವೇಗವಾದರೆ ಇನ್ನೂ ಹೆಚ್ಚು ಅನುಮಾನಿಸಬೇಕು.

ಈ ಸಾಲನ್ನು ಕೆಡಿಸುವುದು ಬಹುಮಟ್ಟಿಗೆ ಫೋನು. ಮಧ್ಯಾಹ್ನ ಹನ್ನೆರಡಕ್ಕೆ ವಾರ್ಡಿನಿಂದ, "ಅಣ್ಣಾ, ಹದಿನಾಲ್ಕಕ್ಕೆ ಏನೂ ಸೇರ್ತಾ ಇಲ್ಲ, ಸ್ವಲ್ಪ ತಿಳಿ ಸಾರು ಕಳಿಸಿ." ಕರುಣೆಯ ಮಾತು. ಕಳಿಸಿದರೆ ಹದ ಮುರಿಯಿತು, ಉಪ್ಪೂ ಮುರಿಯಿತು. ಬದಲಾವಣೆ ಏನಿದ್ದರೂ ಚೀಟಿಯಲ್ಲಿ ಬರೆದು, ಸಹಿ, ಸಮಯ ಹಾಕಿ ಬರಲಿ ಎಂಬ ನಿಯಮ ಒರಟಾಗಿ ಕಂಡರೂ ಇದಕ್ಕೇ ಇದೆ. ಇನ್ನೊಂದು ದಾರಿ ಮನೆಯ ಟಿಫಿನ್ ಕ್ಯಾರಿಯರ್. ಮನೆಯ ಊಟಕ್ಕೆ ಅವಕಾಶ ಕೊಡುವ ಆಸ್ಪತ್ರೆ ರೋಗಿಯ ಮಿತಿಗಳನ್ನು ಮನೆಯವರಿಗೆ ವಿವರಿಸಬೇಕು ಎಂದು ಎನ್‌ಎಬಿಎಚ್ ಮಾನ್ಯತೆಯ ನಿಯಮಗಳೂ ಹೇಳುತ್ತವೆ. ವಿವರಿಸುವುದು ಎಂದರೆ ಹೆಚ್ಚಿನ ಕಡೆ 'ಉಪ್ಪು, ಸಿಹಿ ಕಮ್ಮಿ ಕೊಡಿ ಅಮ್ಮ' ಎನ್ನುವಲ್ಲಿಗೆ ನಿಲ್ಲುತ್ತದೆ.

ಹಂತ 4 ಶಾಶ್ವತವಲ್ಲ ಎನ್ನುವುದನ್ನೂ ಹೇಳಬೇಕು. ಪಾರ್ಶ್ವವಾಯುವಾದ ಮೊದಲ ಕೆಲವು ವಾರಗಳಲ್ಲೇ ಬಹಳ ಜನರ ನುಂಗುವ ಶಕ್ತಿ ಸುಧಾರಿಸುತ್ತದೆ. ಮತ್ತೆ ಪರೀಕ್ಷಿಸಿದರೆ 5, ಆಮೇಲೆ 6 ಎಂದು ಮೇಲೇರಬಹುದು. ಯಾರೂ ಮತ್ತೆ ಪರೀಕ್ಷಿಸದೆ, ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಅರೆದದ್ದನ್ನೇ ಉಣ್ಣುತ್ತಾ ತೂಕ ಕಳೆದುಕೊಂಡವರಿದ್ದಾರೆ. ಆದ್ದರಿಂದ ಡಿಸ್‌ಚಾರ್ಜ್ ಚೀಟಿ ಕೈಗೆ ಬಂದಾಗ ಅದರಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ನಾಲ್ಕು ಅಂಕಿ ಇವೆಯೇ ನೋಡಿಕೊಳ್ಳಿ: ಆಹಾರದ ಹಂತ, ದ್ರವದ ಹಂತ, ದಿನದ ಉಪ್ಪು ಎಷ್ಟು ಚಮಚ, ನುಂಗುವ ಮರುಪರೀಕ್ಷೆ ಯಾವ ತಾರೀಖು. ಇಲ್ಲದಿದ್ದರೆ ಬಿಲ್ ಕಟ್ಟುವ ಮೊದಲು ಡಯಟೀಷಿಯನ್ನರನ್ನು ಕರೆಸಿ ಬರೆಸಿಕೊಳ್ಳಿ. ಉಪ್ಪನ್ನು ಗ್ರಾಮಿನಲ್ಲಿ ಹೇಳಿದರೆ, ನಿಮ್ಮ ಮನೆಯ ಚಮಚದಲ್ಲಿ ಎಷ್ಟು ಎಂದು ಕೇಳಿ.